ಇನ್ವರ್ಟರ್‌ಗೆ ಎರಡು ಬ್ಯಾಟರಿಗಳ ಜೋಡಣೆ: ಸರಣಿಯೋ, ಸಮಾಂತರವೋ, ತಂತಿ ಎಷ್ಟು ದಪ್ಪವಿರಬೇಕು?

ರೇಷ್ಮೆ ಹುಳುಗಳು ಐದನೆಯ ಹಂತಕ್ಕೆ ಬಂದ ಮೇಲೆ ಹಣ್ಣಾಗುವವರೆಗಿನ ಏಳೆಂಟು ದಿನಗಳಲ್ಲಿ ಸಾಕಣೆ ಮನೆಯ ಗಾಳಿಯಾಟ ನಿಲ್ಲಬಾರದು. ತಮ್ಮ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಹುಳುಗಳು ಈ ದಿನಗಳಲ್ಲಿಯೇ ತಿನ್ನುತ್ತವೆ. ಹಾಸಿಗೆಯಲ್ಲಿ ತೇವವೂ ಕಾವೂ ಏರುತ್ತವೆ. ಸಂಜೆ ವಿದ್ಯುತ್ ಹೋದಾಗ ಫ್ಯಾನುಗಳು ನಿಂತರೆ ಹುಳುಗಳಿಗೆ ರೋಗ ತಗಲುವ ಸಂಭವ ಹೆಚ್ಚುತ್ತದೆ. ಆದ್ದರಿಂದ ಅನೇಕ ರೈತ ಬಾಂಧವರು ಮನೆಯಲ್ಲಿ ಈಗಾಗಲೇ ಇರುವ ಇನ್ವರ್ಟರ್‌ಗೆ ಎರಡನೆಯ ಬ್ಯಾಟರಿಯೊಂದನ್ನು ಸೇರಿಸಲು ಮುಂದಾಗುತ್ತಾರೆ. ಹೀಗೆ ಸೇರಿಸಿದವರಲ್ಲಿ ಕೆಲವರಿಂದ ಕೇಳಿಬರುವ ದೂರು ಒಂದೇ: ಹಣ ಎರಡರಷ್ಟಾಯಿತು, ಫ್ಯಾನು ತಿರುಗುವ ಸಮಯ ಮಾತ್ರ ಎರಡರಷ್ಟಾಗಲಿಲ್ಲ. ಇದಕ್ಕೆ ಬ್ಯಾಟರಿಯೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ದೋಷವಿರುವುದು ಬ್ಯಾಟರಿಗಳನ್ನು ಬೆಸೆಯುವ ತಂತಿಯಲ್ಲಿ ಮತ್ತು ಆ ತಂತಿಯನ್ನು ಯಾವ ತುದಿಗೆ ಕಟ್ಟಲಾಗಿದೆ ಎಂಬುದರಲ್ಲಿ.

ಇನ್ವರ್ಟರ್ ಕೇಳುವ ವೋಲ್ಟೇಜ್

ಎರಡು ಬ್ಯಾಟರಿಗಳನ್ನು ಯಾವ ರೀತಿಯಲ್ಲಿ ಜೋಡಿಸಬೇಕೆಂಬುದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಅದನ್ನು ಇನ್ವರ್ಟರ್ ನಿರ್ಧರಿಸುತ್ತದೆ. ಇನ್ವರ್ಟರ್‌ನ ಹಿಂಬದಿಯ ಪಟ್ಟಿಯಲ್ಲಿ ಅದಕ್ಕೆ ಬೇಕಾದ ಬ್ಯಾಟರಿ ವೋಲ್ಟೇಜ್ ಅನ್ನು 12 ಅಥವಾ 24 ಎಂದು ಮುದ್ರಿಸಿರುತ್ತಾರೆ. ನಮ್ಮಲ್ಲಿ ಮಾರಾಟವಾಗುವ ಮನೆಬಳಕೆಯ ಟ್ಯೂಬುಲರ್ ಬ್ಯಾಟರಿಗಳು 12 ವೋಲ್ಟ್‌ನವು. ಪಟ್ಟಿಯಲ್ಲಿ 12 ಎಂದಿದ್ದರೆ ಎರಡನ್ನೂ ಸಮಾಂತರವಾಗಿ, ಅಂದರೆ ಅಂಗಡಿಯವರ ಮಾತಿನಲ್ಲಿ ಪ್ಯಾರಲಲ್ ಆಗಿ, ಜೋಡಿಸತಕ್ಕದ್ದು. 24 ಎಂದಿದ್ದರೆ ಸರಣಿಯಲ್ಲಿ, ಅಂದರೆ ಸೀರೀಸ್ ಆಗಿ, ಜೋಡಿಸತಕ್ಕದ್ದು. 12 ವೋಲ್ಟ್‌ನ ಇನ್ವರ್ಟರ್‌ಗೆ ಸರಣಿಯಲ್ಲಿರುವ ಎರಡು ಬ್ಯಾಟರಿಗಳನ್ನು ಸೇರಿಸಿದರೆ ಅದರ ಒಳಗಿನ ಬಿಡಿಭಾಗಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು; ಇಂತಹ ಹಾನಿಯು ಸಾಮಾನ್ಯವಾಗಿ ಖಾತರಿಯ ವ್ಯಾಪ್ತಿಗೂ ಬರುವುದಿಲ್ಲ.

ಸರಣಿಯಲ್ಲಿ ಮೊದಲ ಬ್ಯಾಟರಿಯ ಧನ ತುದಿಯನ್ನು ಎರಡನೆಯದರ ಋಣ ತುದಿಗೆ ಒಂದೇ ಒಂದು ತಂತಿಯಿಂದ ಬೆಸೆಯಲಾಗುತ್ತದೆ. ಉಳಿದ ಎರಡು ತುದಿಗಳು ಇನ್ವರ್ಟರ್‌ಗೆ ಹೋಗುತ್ತವೆ. ಆಗ ವೋಲ್ಟೇಜ್ ಕೂಡಿ 24 ಆಗುತ್ತದೆ, ಆಂಪಿಯರ್-ಗಂಟೆ ಒಂದು ಬ್ಯಾಟರಿಯದ್ದೇ ಉಳಿಯುತ್ತದೆ. ಸಮಾಂತರದಲ್ಲಿ ಧನ ತುದಿಗೆ ಧನ ತುದಿಯನ್ನೂ ಋಣ ತುದಿಗೆ ಋಣ ತುದಿಯನ್ನೂ ಎರಡು ತಂತಿಗಳಿಂದ ಬೆಸೆಯಲಾಗುತ್ತದೆ. ಆಗ ವೋಲ್ಟೇಜ್ 12 ಆಗಿಯೇ ಉಳಿದು ಆಂಪಿಯರ್-ಗಂಟೆ ಎರಡರಷ್ಟಾಗುತ್ತದೆ. 150 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳನ್ನು ತೆಗೆದುಕೊಂಡರೆ ಒಂದು ವಿಧಾನದಲ್ಲಿ 24 ವೋಲ್ಟ್, 150 ಆಂಪಿಯರ್-ಗಂಟೆ; ಮತ್ತೊಂದರಲ್ಲಿ 12 ವೋಲ್ಟ್, 300 ಆಂಪಿಯರ್-ಗಂಟೆ. ಗುಣಿಸಿ ನೋಡಿದರೆ ಎರಡೂ 3,600 ವ್ಯಾಟ್-ಗಂಟೆಯೇ. ಸರಣಿಯಲ್ಲಿ ಹೆಚ್ಚು ಹೊತ್ತು ಬರುತ್ತದೆ ಅಥವಾ ಸಮಾಂತರದಲ್ಲಿ ಹೆಚ್ಚು ಹೊತ್ತು ಬರುತ್ತದೆ ಎಂಬ ವಾದಗಳಿಗೆ ಇದರಿಂದ ಆಧಾರವಿಲ್ಲವೆಂದು ತಿಳಿಯುತ್ತದೆ. ವ್ಯತ್ಯಾಸವಿರುವುದು ಶೇಖರಣೆಯಲ್ಲಲ್ಲ, ತಂತಿಯಲ್ಲಿ ಹರಿಯುವ ಆಂಪಿಯರ್‌ನಲ್ಲಿ.

ಒಂದು ಸಾಕಣೆ ಮನೆಯ ಲೆಕ್ಕ

ಶಿಡ್ಲಘಟ್ಟದ ಕಡೆಯ ಸಾಧಾರಣ ಗಾತ್ರದ ಸಾಕಣೆ ಮನೆಯೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಲ್ಲಿ 75 ವ್ಯಾಟ್‌ನ 5 ಸೀಲಿಂಗ್ ಫ್ಯಾನುಗಳು, 100 ವ್ಯಾಟ್‌ನ 2 ಎಕ್ಸಾಸ್ಟ್ ಫ್ಯಾನುಗಳು, 20 ವ್ಯಾಟ್‌ನ 5 ಎಲ್‌ಇಡಿ ಟ್ಯೂಬುಗಳು ಇವೆ. ಮೊಬೈಲ್ ಚಾರ್ಜರ್ ಮುಂತಾದ ಚಿಲ್ಲರೆ ಹೊರೆಯನ್ನೂ ಸೇರಿಸಿದರೆ ಒಟ್ಟು ಸುಮಾರು 700 ವ್ಯಾಟ್ ಆಗುತ್ತದೆ. ಇನ್ವರ್ಟರ್ ತಾನೇ ಒಂದಿಷ್ಟು ಶಕ್ತಿಯನ್ನು ಶಾಖವಾಗಿ ಕಳೆಯುವುದರಿಂದ ಅದರ ದಕ್ಷತೆಯನ್ನು ಶೇಕಡಾ 85 ಎಂದು ಹಿಡಿದರೆ ಬ್ಯಾಟರಿಯಿಂದ ಎಳೆಯಬೇಕಾದ ಶಕ್ತಿ ಸುಮಾರು 825 ವ್ಯಾಟ್.

ಇದನ್ನು ಬ್ಯಾಟರಿಯ ವೋಲ್ಟೇಜ್‌ನಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. ಭಾಗಿಸುವಾಗ 12 ಎಂದು ಹಿಡಿಯದೆ 11 ಎಂದು ಹಿಡಿಯುವುದು ಸೂಕ್ತ. ಬ್ಯಾಟರಿ ಇಳಿದಂತೆ ವೋಲ್ಟೇಜ್ ಕಡಿಮೆಯಾಗುತ್ತದೆ, ಆದರೆ ಫ್ಯಾನುಗಳು ಕೇಳುವ ಶಕ್ತಿ ಕಡಿಮೆಯಾಗುವುದಿಲ್ಲ. ಆದ್ದರಿಂದ ಕೊನೆಯ ಹೊತ್ತಿನಲ್ಲಿಯೇ ಆಂಪಿಯರ್ ಗರಿಷ್ಠವಾಗಿರುತ್ತದೆ. 825 ಅನ್ನು 11ರಿಂದ ಭಾಗಿಸಿದರೆ 75 ಆಂಪಿಯರ್. 24 ವೋಲ್ಟ್‌ನ ವ್ಯವಸ್ಥೆಯಲ್ಲಿ ಇದೇ ರೀತಿ 22ರಿಂದ ಭಾಗಿಸಿದರೆ ಮೂವತ್ತೇಳೂವರೆ ಆಂಪಿಯರ್. ಅದೇ ಫ್ಯಾನುಗಳು, ಅದೇ ಬ್ಯಾಟರಿಗಳು. ಇನ್ವರ್ಟರ್‌ಗೆ ಹೋಗುವ ತಂತಿಯ ಮೇಲಿನ ಭಾರ ಮಾತ್ರ ಅರ್ಧ.

ಸಮಯದ ವಿಷಯವನ್ನೂ ಇಲ್ಲಿಯೇ ಹೇಳಬಹುದು. 150 ಆಂಪಿಯರ್-ಗಂಟೆ ಎಂಬ ಅಂಕಿಯು ಬ್ಯಾಟರಿಯನ್ನು 20 ಗಂಟೆಗಳಲ್ಲಿ ನಿಧಾನವಾಗಿ ಬರಿದು ಮಾಡಿದಾಗ ದೊರೆಯುವ ಪ್ರಮಾಣವನ್ನು ಸೂಚಿಸುತ್ತದೆ. ಒಂದೇ ಬ್ಯಾಟರಿಯಿಂದ 75 ಆಂಪಿಯರ್ ಎಳೆದರೆ ಅದು ಅಷ್ಟನ್ನು ಕೊಡಲಾರದು. ಸರಿಸುಮಾರು ಒಂದು ಗಂಟೆಯಲ್ಲಿ ಇನ್ವರ್ಟರ್ ಕೂಗಿಕೊಳ್ಳತೊಡಗುತ್ತದೆ. ಎರಡು ಬ್ಯಾಟರಿಗಳಿದ್ದರೆ, ಜೋಡಣೆ ಯಾವ ವಿಧದ್ದೇ ಇರಲಿ, ಪ್ರತಿಯೊಂದರಿಂದ ಹೊರಬರುವುದು ಮೂವತ್ತೇಳೂವರೆ ಆಂಪಿಯರ್ ಮಾತ್ರ. ನಿಧಾನವಾಗಿ ಬರಿದಾಗುವುದರಿಂದ ಪ್ರತಿ ಬ್ಯಾಟರಿಯೂ ಮೊದಲಿಗಿಂತ ಹೆಚ್ಚು ಕೊಡುತ್ತದೆ, ಒಟ್ಟು ಸಮಯ ಎರಡೂವರೆ ಗಂಟೆಯ ಆಸುಪಾಸಿಗೆ ಬರುತ್ತದೆ. ಅಂದರೆ ಸರಿಯಾಗಿ ಜೋಡಿಸಿದ, ಪೂರ್ತಿ ಚಾರ್ಜ್ ಆದ ಎರಡು ಒಳ್ಳೆಯ ಬ್ಯಾಟರಿಗಳಿಂದ ಸಮಯವು ಎರಡರಷ್ಟಕ್ಕಿಂತ ತುಸು ಹೆಚ್ಚೇ ಆಗಬೇಕು. ಅದಕ್ಕಿಂತ ಬಹಳ ಕಡಿಮೆಯಾದರೆ ತಂತಿಯನ್ನೂ ಚಾರ್ಜನ್ನೂ ಅನುಮಾನಿಸಬೇಕು.

ಚಾರ್ಜಿನ ಮಿತಿಯನ್ನು ಕೊಳ್ಳುವ ಮೊದಲೇ ಯೋಚಿಸುವುದು ಒಳಿತು. 12 ವೋಲ್ಟ್‌ನ ಇನ್ವರ್ಟರ್ ಒಂದು ಬ್ಯಾಟರಿಯನ್ನು ಗಮನದಲ್ಲಿಟ್ಟುಕೊಂಡು 15 ಆಂಪಿಯರ್‌ನಿಂದ ಚಾರ್ಜ್ ಮಾಡುತ್ತದೆಂದು ಭಾವಿಸೋಣ. ಸಮಾಂತರದ ಎರಡು ಬ್ಯಾಟರಿಗಳಿಂದ 210 ಆಂಪಿಯರ್-ಗಂಟೆ ಖರ್ಚಾಗಿದ್ದರೆ ನಷ್ಟವನ್ನೂ ಸೇರಿಸಿ ಸುಮಾರು 250 ಅನ್ನು ಮರಳಿ ತುಂಬಬೇಕು. ಅದಕ್ಕೆ 17 ಗಂಟೆಗಳಾದರೂ ಬೇಕು. ದಿನಕ್ಕೆ ಎರಡು ಮೂರು ಬಾರಿ ವಿದ್ಯುತ್ ಹೋಗುವ ಊರಿನಲ್ಲಿ ಅಷ್ಟು ಹೊತ್ತು ದೊರೆಯದೆ ಎರಡೂ ಬ್ಯಾಟರಿಗಳು ಸದಾ ಅರೆಹೊಟ್ಟೆಯಲ್ಲಿ ಉಳಿದು, ಅವುಗಳ ಫಲಕಗಳ ಮೇಲೆ ಗಟ್ಟಿ ಸಲ್ಫೇಟ್ ಕಟ್ಟಿಕೊಂಡು ಅವಧಿಗೆ ಮುನ್ನವೇ ಕೆಡುತ್ತವೆ. 24 ವೋಲ್ಟ್‌ನ ಇನ್ವರ್ಟರ್‌ನಲ್ಲಿ ಅದೇ 15 ಆಂಪಿಯರ್ ಎರಡೂ ಬ್ಯಾಟರಿಗಳ ಮೂಲಕ ಒಟ್ಟಿಗೆ ಹಾದುಹೋಗುವುದರಿಂದ ಎಂಟು ಒಂಬತ್ತು ಗಂಟೆ ಸಾಕು. ಹೊಸದಾಗಿ ಕೊಳ್ಳುವವರು, ಎರಡು ಬ್ಯಾಟರಿ ಬೇಕೆಂದು ಮೊದಲೇ ಗೊತ್ತಿದ್ದರೆ, 24 ವೋಲ್ಟ್‌ನ ಇನ್ವರ್ಟರ್ ಕೊಳ್ಳುವುದೇ ಲೇಸು. ಹಳೆಯ 12 ವೋಲ್ಟ್‌ನದನ್ನೇ ಉಳಿಸಿಕೊಳ್ಳುವವರು ಅದರ ಕೈಪಿಡಿಯಲ್ಲಿ ಚಾರ್ಜಿಂಗ್ ಆಂಪಿಯರ್ ಎಷ್ಟೆಂದೂ, ಗರಿಷ್ಠ ಎಷ್ಟು ಆಂಪಿಯರ್-ಗಂಟೆಯ ಬ್ಯಾಟರಿಗೆ ಅವಕಾಶವಿದೆಯೆಂದೂ ನೋಡಿಕೊಳ್ಳಬೇಕು.

ತಂತಿಯ ದಪ್ಪವನ್ನು ನಿರ್ಧರಿಸುವ ಬಗೆ

230 ವೋಲ್ಟ್‌ನ ಮನೆ ವೈರಿಂಗ್‌ನಲ್ಲಿ ಅರ್ಧ ವೋಲ್ಟ್ ಕಳೆದುಹೋದರೆ ಯಾರಿಗೂ ತಿಳಿಯುವುದಿಲ್ಲ. 12 ವೋಲ್ಟ್‌ನಲ್ಲಿ ಅರ್ಧ ವೋಲ್ಟ್ ಎಂದರೆ ಶೇಕಡಾ 4ಕ್ಕೂ ಮಿಗಿಲು. ಅದಕ್ಕಿಂತ ಮುಖ್ಯವಾದ ಮತ್ತೊಂದು ಸಂಗತಿಯಿದೆ. ಬ್ಯಾಟರಿ ತೀರಾ ಬರಿದಾಗದಂತೆ ಇನ್ವರ್ಟರ್ ಸುಮಾರು 10.5 ವೋಲ್ಟ್‌ನಲ್ಲಿ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಆದರೆ ಅದು ಅಳೆಯುವುದು ತನ್ನ ತುದಿಗೆ ತಲುಪಿದ ವೋಲ್ಟೇಜನ್ನೇ ಹೊರತು ಬ್ಯಾಟರಿಯಲ್ಲಿರುವುದನ್ನಲ್ಲ. ತಂತಿಯಲ್ಲಿ ಮುಕ್ಕಾಲು ವೋಲ್ಟ್ ಕಳೆದುಹೋದರೆ ಬ್ಯಾಟರಿಯಲ್ಲಿ 11.25 ವೋಲ್ಟ್ ಇರುವಾಗಲೇ ಇನ್ವರ್ಟರ್ ನಿಂತುಬಿಡುತ್ತದೆ. ಬ್ಯಾಟರಿಯಲ್ಲಿ ಶಕ್ತಿ ಉಳಿದಿದೆ, ಫ್ಯಾನು ನಿಂತಿದೆ. ಮೊದಲು ಹೇಳಿದ ದೂರಿನ ಮೂಲ ಬಹುಮಟ್ಟಿಗೆ ಇಲ್ಲಿದೆ.

ಈ ನಷ್ಟವನ್ನು ಕಂಡುಹಿಡಿಯುವ ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಒಂದು ಮೀಟರ್ ತಾಮ್ರದ ತಂತಿಯ ರೋಧವು, ತಂತಿ ಬೆಚ್ಚಗಿರುವಾಗ, ಸುಮಾರು 0.02 ಓಮ್. ಇದರಿಂದ ಕೆಳಗಿನ ಸೂತ್ರ ಬರುತ್ತದೆ:

ವೋಲ್ಟೇಜ್ ನಷ್ಟ = 0.02 × ಒಟ್ಟು ಉದ್ದ (ಮೀಟರ್) × ಆಂಪಿಯರ್ ÷ ಅಡ್ಡಕೊಯ್ತ (ಚದರ ಮಿ.ಮೀ.)

ಒಟ್ಟು ಉದ್ದ ಎಂದರೆ ಹೋಗುವ ತಂತಿ ಮತ್ತು ಬರುವ ತಂತಿ ಎರಡನ್ನೂ ಕೂಡಿಸಿದ ಉದ್ದ. ನಮ್ಮ ಉದಾಹರಣೆಯಲ್ಲಿ ಬ್ಯಾಟರಿಯಿಂದ ಇನ್ವರ್ಟರ್‌ಗೆ ಒಂದೂವರೆ ಮೀಟರ್ ದೂರವಿದೆ. ಆದ್ದರಿಂದ ಒಟ್ಟು 3 ಮೀಟರ್. ಹಳೆಯ ತಂತಿ 6 ಚದರ ಮಿ.ಮೀ.ನದಾಗಿದ್ದರೆ 75 ಆಂಪಿಯರ್‌ಗೆ ನಷ್ಟವು 0.75 ವೋಲ್ಟ್ ಆಗುತ್ತದೆ. ಆಗ ಆ ತಂತಿಯಲ್ಲಿ ಸುಮಾರು 56 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಸೀಲಿಂಗ್ ಫ್ಯಾನಿನ ಶಕ್ತಿಯ ಮುಕ್ಕಾಲು ಪಾಲು ತಂತಿಯನ್ನು ಬಿಸಿಮಾಡಲು ವ್ಯಯವಾದಂತೆ. ಅದೇ ತಂತಿಯನ್ನು 24 ವೋಲ್ಟ್‌ನಲ್ಲಿ ಬಳಸಿದರೆ ನಷ್ಟದ ವೋಲ್ಟೇಜ್ ಅರ್ಧಕ್ಕೂ ಶಾಖವು ನಾಲ್ಕನೇ ಒಂದು ಪಾಲಿಗೂ ಇಳಿಯುತ್ತದೆ.

ನಷ್ಟವು ಶೇಕಡಾ 2ನ್ನು ಮೀರಬಾರದೆಂದು ಇಟ್ಟುಕೊಳ್ಳುವುದು ಒಳ್ಳೆಯ ಕ್ರಮ. 12 ವೋಲ್ಟ್‌ಗೆ ಅದು 0.24 ವೋಲ್ಟ್. ಸೂತ್ರವನ್ನು ತಿರುಗಿಸಿ 0.02, 3 ಮತ್ತು 75ನ್ನು ಗುಣಿಸಿ 0.24ರಿಂದ ಭಾಗಿಸಿದರೆ ಸುಮಾರು 19 ಚದರ ಮಿ.ಮೀ. ಬರುತ್ತದೆ. ಅಂಗಡಿಯಲ್ಲಿ 16 ಆದ ಮೇಲೆ 25 ದೊರೆಯುತ್ತದೆ. ಆದ್ದರಿಂದ 25 ಚದರ ಮಿ.ಮೀ. ತಂತಿಯನ್ನು ಆರಿಸಬೇಕು. 24 ವೋಲ್ಟ್‌ಗೆ ಇದೇ ಲೆಕ್ಕ ಮಾಡಿದರೆ 5ಕ್ಕಿಂತಲೂ ಕಡಿಮೆ ಬಂದು, 6 ಚದರ ಮಿ.ಮೀ. ಸಾಕೆಂದು ತೋರುತ್ತದೆ. ಆದರೆ ಇಲ್ಲಿ ಎರಡನೆಯ ಪರೀಕ್ಷೆಯೊಂದನ್ನು ಮಾಡಬೇಕಾಗುತ್ತದೆ. ವೋಲ್ಟೇಜ್ ನಷ್ಟ ಅಲ್ಪವಿದ್ದರೂ ತಂತಿಯು ಆ ಆಂಪಿಯರ್ ಅನ್ನು ಗಂಟೆಗಟ್ಟಲೆ ಹೊತ್ತು ಬಿಸಿಯಾಗದೆ ಇರಬೇಕು. ಪ್ರತಿ ಚದರ ಮಿಲಿಮೀಟರ್‌ಗೆ 3 ಆಂಪಿಯರ್ ಎಂಬುದು ಈ ದಪ್ಪದ ತಂತಿಗಳಿಗೆ ಸುರಕ್ಷಿತವಾದ ಕೈಲೆಕ್ಕ. ತಯಾರಕರ ಕೋಷ್ಟಕ ದೊರೆತರೆ ಅದನ್ನೇ ಅನುಸರಿಸಬಹುದು. ಅದರಂತೆ ಮೂವತ್ತೇಳೂವರೆ ಆಂಪಿಯರ್‌ಗೆ 12.5 ಚದರ ಮಿ.ಮೀ. ಬೇಕು, ಅಂದರೆ ಅಂಗಡಿಯ 16. 75 ಆಂಪಿಯರ್‌ಗೆ ಇದೇ ಕೈಲೆಕ್ಕವೂ 25 ಅನ್ನೇ ಹೇಳುತ್ತದೆ. ಎರಡು ಪರೀಕ್ಷೆಗಳಲ್ಲಿ ಯಾವುದು ಹೆಚ್ಚು ದಪ್ಪವನ್ನು ಕೇಳುತ್ತದೋ ಅದನ್ನು ಒಪ್ಪಿಕೊಳ್ಳತಕ್ಕದ್ದು.

ಉದ್ದವನ್ನು ಹೆಚ್ಚಿಸಿದರೆ ಮೊದಲ ಪರೀಕ್ಷೆಯ ಉತ್ತರ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಬ್ಯಾಟರಿಯಿಂದ ಏಳುವ ಆಮ್ಲದ ಹಬೆ ಹುಳುಗಳಿಗೆ ತಾಗಬಾರದೆಂದು ಬ್ಯಾಟರಿಗಳನ್ನು ಸಾಕಣೆ ಕೋಣೆಯಿಂದ ಹೊರಗಿಡುವುದು ಸರಿಯಾದ ಕ್ರಮವೇ. ಆದರೆ ಬ್ಯಾಟರಿಯನ್ನು ವಾಸದ ಮನೆಯಲ್ಲಿಟ್ಟು, ಇನ್ವರ್ಟರನ್ನು ಮಾತ್ರ ದೂರದ ಸಾಕಣೆ ಮನೆಯಲ್ಲಿಟ್ಟು, ನಡುವೆ ಬ್ಯಾಟರಿ ತಂತಿಯನ್ನು ಎಳೆಯುವುದು ತಪ್ಪು. ಇನ್ವರ್ಟರ್ ಯಾವಾಗಲೂ ಬ್ಯಾಟರಿಯ ಪಕ್ಕದಲ್ಲಿಯೇ ಇರಬೇಕು. ದೂರವನ್ನು ಅದರಿಂದ ಹೊರಡುವ 230 ವೋಲ್ಟ್‌ನ ತಂತಿ ಕ್ರಮಿಸಬೇಕು. 700 ವ್ಯಾಟ್‌ಗೆ ಅದರಲ್ಲಿ ಹರಿಯುವುದು ಮೂರು ನಾಲ್ಕು ಆಂಪಿಯರ್ ಮಾತ್ರ. ಆದ್ದರಿಂದ 30 ಮೀಟರ್ ದೂರಕ್ಕೂ ಸಾಮಾನ್ಯ 2.5 ಚದರ ಮಿ.ಮೀ. ತಂತಿ ಸಾಕಾಗುತ್ತದೆ.

ತಂತಿ ಕೊಳ್ಳುವಾಗ ಹೊರಗಿನ ದಪ್ಪವನ್ನು ನೋಡಿ ಮೋಸಹೋಗಬಾರದು. ಹೊದಿಕೆ ದಪ್ಪವಾಗಿ ಒಳಗಿನ ತಾಮ್ರ ಅಲ್ಪವಾಗಿರುವ ತಂತಿಗಳು ಬ್ಯಾಟರಿ ಕೇಬಲ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಹೊದಿಕೆಯ ಮೇಲೆ ಐಎಸ್‌ಐ ಗುರುತು ಮತ್ತು ಚದರ ಮಿಲಿಮೀಟರ್ ಅಂಕಿ ಮುದ್ರಿತವಾಗಿರಬೇಕು. ತುದಿಯ ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಬೇಕು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅದರ ರೋಧವು ತಾಮ್ರಕ್ಕಿಂತ ಒಂದೂವರೆ ಪಟ್ಟಿನಷ್ಟು ಇರುವುದರಿಂದ ನಮ್ಮ ಲೆಕ್ಕವೇ ತಲೆಕೆಳಗಾಗುತ್ತದೆ. ಕೊಳವೆ ಬಾವಿಯ ಮೋಟಾರಿನಿಂದ ಉಳಿದ ಚಪ್ಪಟೆ ಕೇಬಲ್ಲಿನ ತುಂಡುಗಳನ್ನು ಈ ಕೆಲಸಕ್ಕೆ ಬಳಸುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. 2.5 ಚದರ ಮಿ.ಮೀ.ನ ಮೂರು ಎಳೆಗಳನ್ನು ಒಟ್ಟಿಗೆ ಹೊಸೆದರೂ ಆಗುವುದು ಏಳೂವರೆ ಮಾತ್ರ. 75 ಆಂಪಿಯರ್‌ಗೆ ಅದು ಮೂರನೇ ಒಂದು ಪಾಲೂ ಅಲ್ಲ. ಅದನ್ನು ಬಾವಿಗೇ ಮೀಸಲಿಡುವುದು ಒಳಿತು.

ಎರಡು ಬ್ಯಾಟರಿಗಳ ನಡುವಿನ ತಂತಿ

ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ತಂತಿಯನ್ನು ತಯಾರಕರು ಇನ್ವರ್ಟರ್ ಜೊತೆಗೇ ಕೊಟ್ಟಿರುತ್ತಾರೆ. ನಡುವಿನ ತಂತಿಯನ್ನು ಮಾತ್ರ ನಾವು ಮಾಡಿಕೊಳ್ಳಬೇಕಾಗುತ್ತದೆ. ಇದು ಒಂದೆರಡು ಅಡಿಯ ತುಂಡು ತಾನೆ ಎಂಬ ಅಲಕ್ಷ್ಯ ಇಲ್ಲಿಯೇ ಹುಟ್ಟುತ್ತದೆ. ಸರಣಿಯಲ್ಲಿ ಇನ್ವರ್ಟರ್‌ಗೆ ಹೋಗುವ ಪೂರ್ತಿ ಆಂಪಿಯರ್ ಈ ಒಂದೇ ತುಂಡಿನ ಮೂಲಕ ಹಾದುಹೋಗುತ್ತದೆ. ಆದ್ದರಿಂದ ಅದರ ದಪ್ಪ ಮುಖ್ಯ ತಂತಿಯಷ್ಟೇ ಇರಬೇಕೆಂಬುದು ಸ್ಪಷ್ಟ. ಸಮಾಂತರದಲ್ಲಿ ಪ್ರತಿ ತುಂಡಿನಲ್ಲಿ ಅರ್ಧದಷ್ಟು ಮಾತ್ರ ಹರಿಯುವುದರಿಂದ ಅರ್ಧ ದಪ್ಪ ಸಾಲದೆ ಎಂಬ ಪ್ರಶ್ನೆ ಸಹಜ. ಸಾಲದು. ಒಂದು ಬ್ಯಾಟರಿ ಕೆಟ್ಟರೆ ಅಥವಾ ಅದರ ಬೆಸುಗೆ ಸಡಿಲವಾದರೆ ಮತ್ತೊಂದೇ ಪೂರ್ತಿ 75 ಆಂಪಿಯರ್ ಕೊಡಬೇಕಾಗುತ್ತದೆ, ಅದೆಲ್ಲವೂ ಒಂದು ತುಂಡಿನ ಮೂಲಕವೇ ಹರಿಯುತ್ತದೆ. ಆದ್ದರಿಂದ ಎರಡೂ ಜೋಡಣೆಗಳಲ್ಲಿ ನಡುವಿನ ತಂತಿಯು ಮುಖ್ಯ ತಂತಿಯಷ್ಟೇ ದಪ್ಪವಿರಬೇಕು. ಸಮಾಂತರದ ಎರಡು ತುಂಡುಗಳು ಒಂದೇ ಸುರುಳಿಯಿಂದ ಕತ್ತರಿಸಿದ, ಸಮ ಉದ್ದದವಾಗಿರಬೇಕು.

ಸಮಾಂತರ ಜೋಡಣೆಯಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು ಬೇರೊಂದಿದೆ. ಮೊದಲ ಬ್ಯಾಟರಿಯ ಎರಡೂ ತುದಿಗಳಲ್ಲಿ ಇನ್ವರ್ಟರ್‌ನ ತಂತಿಗಳು ಈಗಾಗಲೇ ಇರುತ್ತವೆ. ಅವುಗಳನ್ನು ಹಾಗೆಯೇ ಬಿಟ್ಟು, ಅದೇ ತುದಿಗಳಿಂದ ಎರಡನೆಯ ಬ್ಯಾಟರಿಗೆ ಎರಡು ತುಂಡುಗಳನ್ನು ಎಳೆದುಬಿಡುತ್ತಾರೆ. ನೋಡಲು ಸರಿಯಾಗಿಯೇ ಕಾಣುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಮೊದಲ ಬ್ಯಾಟರಿಯ ದಾರಿಯಲ್ಲಿ ಯಾವ ತುಂಡೂ ಇಲ್ಲ, ಎರಡನೆಯದರ ದಾರಿಯಲ್ಲಿ ಎರಡು ತುಂಡುಗಳಿವೆ. ಇಂತಹ ಬ್ಯಾಟರಿಯ ಒಳರೋಧವು ಕೆಲವೇ ಮಿಲಿಓಮ್‌ಗಳಷ್ಟು. 5 ಎಂದು ಭಾವಿಸೋಣ. 10 ಚದರ ಮಿ.ಮೀ.ನ 40 ಸೆಂಟಿಮೀಟರ್ ತುಂಡಿನ ರೋಧ 0.8 ಮಿಲಿಓಮ್, ಎರಡು ತುಂಡುಗಳದ್ದು 1.6. ಕಣ್ಣಿಗೆ ಅಲ್ಪವೆಂದು ತೋರಿದರೂ 5ರ ಎದುರಿಗೆ ಇದು ದೊಡ್ಡದೇ. ಆಗ 75 ಆಂಪಿಯರ್‌ನಲ್ಲಿ ಹತ್ತಿರದ ಬ್ಯಾಟರಿ ಸುಮಾರು 43 ಅನ್ನೂ ದೂರದ್ದು 32 ಅನ್ನೂ ಕೊಡುತ್ತದೆ. ಚಾರ್ಜ್ ಆಗುವಾಗಲೂ ಇದೇ ಪಕ್ಷಪಾತ. ಹತ್ತಿರದ್ದು ದಿನದಿನವೂ ಹೆಚ್ಚು ದುಡಿದು ಬೇಗ ಸವೆಯುತ್ತದೆ, ಅದಕ್ಕೆ ನೀರೂ ಬೇಗ ಬೇಕಾಗುತ್ತದೆ. ದೂರದ್ದು ಪೂರ್ತಿ ತುಂಬದೆ ಸಲ್ಫೇಟ್ ಕಟ್ಟುತ್ತದೆ. ಲಗ್‌ಗಳಲ್ಲಿ ತುಕ್ಕು ಬೆಳೆದಂತೆ ಈ ಅಂತರ ಇನ್ನಷ್ಟು ಹಿಗ್ಗುತ್ತದೆ.

ಪರಿಹಾರಕ್ಕೆ ಖರ್ಚಿಲ್ಲ. ಇನ್ವರ್ಟರ್‌ನ ಧನ ತಂತಿಯನ್ನು ಮೊದಲ ಬ್ಯಾಟರಿಯ ಧನ ತುದಿಯಲ್ಲಿಯೇ ಬಿಟ್ಟು, ಋಣ ತಂತಿಯನ್ನು ಮಾತ್ರ ಬಿಚ್ಚಿ ಎರಡನೆಯ ಬ್ಯಾಟರಿಯ ಋಣ ತುದಿಗೆ ಕಟ್ಟಬೇಕು. ಅಂದರೆ ತಂತಿಗಳು ಮೂಲೆಯಿಂದ ಮೂಲೆಗೆ ಹೊರಡುತ್ತವೆ. ಆಗ ಪ್ರತಿ ಬ್ಯಾಟರಿಯ ದಾರಿಯಲ್ಲಿಯೂ ಸರಿಯಾಗಿ ಒಂದೊಂದು ತುಂಡು ಬರುವುದರಿಂದ ಹೊರೆ ಸಮನಾಗಿ ಹಂಚಿಹೋಗುತ್ತದೆ.

ಜೋಡಿಸುವ ಬ್ಯಾಟರಿಗಳು ಒಂದೇ ತಯಾರಕರ, ಒಂದೇ ಮಾದರಿಯ, ಒಂದೇ ಆಂಪಿಯರ್-ಗಂಟೆಯ, ಸಾಧ್ಯವಾದಷ್ಟು ಒಂದೇ ತಿಂಗಳಲ್ಲಿ ತಯಾರಾದವುಗಳಾಗಿರಬೇಕು. ಮೂರು ವರ್ಷ ದುಡಿದ ಬ್ಯಾಟರಿಗೆ ಹೊಸದನ್ನು ಜೊತೆಮಾಡಿದರೆ ಸರಣಿಯಲ್ಲಿ ಹಳೆಯದು ಮೊದಲು ಬರಿದಾಗುತ್ತದೆ, ಆದರೂ ಹೊಸದರ ಒತ್ತಡದಿಂದ ಅದರ ಮೂಲಕ ಪ್ರವಾಹ ಹರಿಯುತ್ತಲೇ ಇದ್ದು ದುರ್ಬಲ ಕೋಶಗಳು ತಿರುವುಮುರುವಾಗಿ ಚಾರ್ಜ್ ಆಗುವ ಮಟ್ಟಕ್ಕೂ ಹೋಗಬಹುದು. ಇನ್ವರ್ಟರ್‌ಗೆ ಕಾಣುವುದು ಎರಡರ ಮೊತ್ತ ಮಾತ್ರ. ಒಂದು ಹಸಿದು ಮತ್ತೊಂದು ತುಂಬಿರುವುದನ್ನು ಅದು ಅರಿಯದು. ಸಮಾಂತರದಲ್ಲಿ ಹಳೆಯದು ಹೊಸದರಿಂದ ಸದಾ ಸ್ವಲ್ಪ ಸ್ವಲ್ಪವಾಗಿ ಹೀರುತ್ತಿರುತ್ತದೆ. ಹಳೆಯ ಬ್ಯಾಟರಿಯನ್ನು ವಿನಿಮಯಕ್ಕೆ ಕೊಟ್ಟು ಎರಡನ್ನೂ ಹೊಸದಾಗಿ ಕೊಳ್ಳುವುದು ಮೊದಲ ದಿನ ದುಬಾರಿಯೆನಿಸಿದರೂ ಆರೆಂಟು ತಿಂಗಳಲ್ಲಿ ಹೊಸದೂ ಕೆಟ್ಟುಹೋಗುವ ನಷ್ಟಕ್ಕಿಂತ ಹಗುರ.

ಜೋಡಿಸುವ ಕ್ರಮ

ಹೊಸ ಬ್ಯಾಟರಿಗಳಾದರೂ ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ನಾಲ್ಕಾರು ಗಂಟೆ ಹಾಗೆಯೇ ಬಿಟ್ಟು, ಮಲ್ಟಿಮೀಟರ್‌ನಿಂದ ಅಳೆಯಬೇಕು. ಎರಡರ ನಡುವಿನ ಅಂತರ 0.1 ವೋಲ್ಟ್ ಮೀರಬಾರದು. ಸಮಾಂತರದಲ್ಲಿ ಬೆಸೆಯುವಾಗ ಅಂತರವು 0.4 ವೋಲ್ಟ್ ಇದ್ದರೂ, ಮೇಲೆ ಹೇಳಿದ ಒಳರೋಧದ ಲೆಕ್ಕದಂತೆ, ಒಂದರಿಂದ ಮತ್ತೊಂದಕ್ಕೆ 35 ಆಂಪಿಯರ್‌ನಷ್ಟು ಪ್ರವಾಹ ಒಮ್ಮೆಲೇ ನುಗ್ಗುತ್ತದೆ.

ಕೆಲಸ ಆರಂಭಿಸುವ ಮುನ್ನ ಇನ್ವರ್ಟರನ್ನು ಆರಿಸಿ, ಅದರ ಪ್ಲಗ್ಗನ್ನು ಗೋಡೆಯಿಂದ ಕಳಚಬೇಕು. ಕಿಟಕಿ ಬಾಗಿಲು ತೆರೆದಿರಬೇಕು, ಏಕೆಂದರೆ ಚಾರ್ಜ್ ಆದ ಬ್ಯಾಟರಿಯ ಮೇಲೆ ಜಲಜನಕ ಇರಬಹುದು. ಬೀಡಿ, ದೀಪ, ಊದುಬತ್ತಿ ಯಾವುದೂ ಹತ್ತಿರ ಇರಕೂಡದು. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಬೇಕು. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಬೇಕು. ಬಿಚ್ಚುವಾಗ ಋಣ ತಂತಿ ಮೊದಲು, ಕಟ್ಟುವಾಗ ಋಣ ತಂತಿ ಕೊನೆಗೆ.

ತಂತಿಯ ತುದಿಗಳಿಗೆ ಅದೇ ಅಳತೆಯ ತವರ ಲೇಪಿತ ತಾಮ್ರದ ಲಗ್‌ಗಳನ್ನು ಕ್ರಿಂಪಿಂಗ್ ಉಪಕರಣದಿಂದ ಒತ್ತಿಸಬೇಕು. ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ ಲಗ್ ಕೆಲವು ವಾರಗಳಲ್ಲಿಯೇ ಸಡಿಲವಾಗಿ ಬಿಸಿಯಾಗುತ್ತದೆ. ಲಗ್ ನೇರವಾಗಿ ಬ್ಯಾಟರಿಯ ಸೀಸದ ತುದಿಗೆ ಒತ್ತಿಕೊಂಡಿರಬೇಕು; ವಾಷರ್ ಲಗ್‌ನ ಮೇಲೆ ಬರಬೇಕೇ ಹೊರತು ಎರಡರ ನಡುವೆ ಅಲ್ಲ. ನಡುವೆ ಸಿಕ್ಕಿದ ಉಕ್ಕಿನ ವಾಷರ್ ತಾಮ್ರಕ್ಕಿಂತ ಬಹಳ ಹೆಚ್ಚು ರೋಧವನ್ನು ತಂದಿಡುತ್ತದೆ. ಬಿಗಿಗೊಳಿಸಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು, ಮೊದಲಲ್ಲ.

ಸಮಾಂತರದಲ್ಲಿ ಧನ ತುಂಡನ್ನು ಕಟ್ಟಿದ ಮೇಲೆ, ಋಣ ತುಂಡಿನ ಒಂದು ತುದಿಯನ್ನು ಕಟ್ಟಿ, ಮತ್ತೊಂದು ತುದಿಯನ್ನು ಕಟ್ಟದೆ ಕೈಯಲ್ಲಿಯೇ ಹಿಡಿದು ನಿಲ್ಲಬೇಕು. ಈಗ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಆ ಬಿಡಿ ತುದಿಗೂ ಮತ್ತೊಂದನ್ನು ಅದು ಸೇರಬೇಕಾದ ಬ್ಯಾಟರಿ ತುದಿಗೂ ತಾಗಿಸಬೇಕು. ಸೊನ್ನೆಯ ಹತ್ತಿರ ತೋರಿಸಿದರೆ ಕಟ್ಟಬಹುದು. 25ರ ಹತ್ತಿರ ತೋರಿಸಿದರೆ ಧನ ಋಣಗಳು ಅದಲುಬದಲಾಗಿವೆ ಎಂದರ್ಥ. ಆ ಸ್ಥಿತಿಯಲ್ಲಿ ಕಟ್ಟಿದ್ದೇ ಆದರೆ ಎರಡು ಸಾವಿರ ಆಂಪಿಯರ್ ಮೀರಿದ ಪ್ರವಾಹ ಹರಿದು ಲಗ್ ಕರಗಬಹುದು, ಬ್ಯಾಟರಿ ಸಿಡಿಯಬಹುದು. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಅನುಭವಿ ಎಲೆಕ್ಟ್ರಿಷಿಯನ್ನರೂ ಬಿಡಬಾರದು. ಸರಣಿಯಲ್ಲಿ ಇದಕ್ಕೆ ಪ್ರತಿಯಾಗಿ, ನಡುವಿನ ತುಂಡನ್ನು ಕಟ್ಟಿದ ಮೇಲೆ ಉಳಿದ ಎರಡು ತುದಿಗಳ ನಡುವೆ 25 ವೋಲ್ಟ್‌ನ ಆಸುಪಾಸು ಬರಬೇಕು; ಆ ಎರಡು ತುದಿಗಳು ಇನ್ವರ್ಟರ್‌ಗೆ ಹೋಗುವವೇ ಹೊರತು ಪರಸ್ಪರ ಎಂದೂ ಕೂಡುವವಲ್ಲ.

ಇನ್ವರ್ಟರ್‌ಗೆ ಹೋಗುವ ಧನ ತಂತಿಯಲ್ಲಿ, ಬ್ಯಾಟರಿಯಿಂದ ಗೇಣುದ್ದದೊಳಗೆ, ಡಿಸಿಗೆ ಯೋಗ್ಯವಾದ ಫ್ಯೂಸ್ ಇರುವುದು ಅಪೇಕ್ಷಣೀಯ. ಗರಿಷ್ಠ ಆಂಪಿಯರ್‌ಗಿಂತ ಕಾಲುಭಾಗ ಹೆಚ್ಚು ಇಟ್ಟುಕೊಂಡರೆ ನಮ್ಮ 12 ವೋಲ್ಟ್‌ನ ಉದಾಹರಣೆಗೆ 100 ಆಂಪಿಯರ್‌ನದೂ 24 ವೋಲ್ಟ್‌ಗೆ 50 ಆಂಪಿಯರ್‌ನದೂ ಹೊಂದುತ್ತವೆ. ಫ್ಯೂಸ್ ಕಾಪಾಡುವುದು ತಂತಿಯನ್ನು. ಆದ್ದರಿಂದ ತಂತಿ ತೆಳ್ಳಗಿದ್ದು ಫ್ಯೂಸ್ ದೊಡ್ಡದಾಗಿದ್ದರೆ ಅದು ಇದ್ದೂ ಇಲ್ಲದಂತೆ.

ಜೋಡಣೆ ಸರಿಯಾಗಿದೆಯೇ ಎಂದು ತಿಳಿಯುವುದು

ಜೋಡಿಸಿದ ದಿನವೇ ಗೋಡೆಯ ಪ್ಲಗ್ ಕಳಚಿಯೇ ಇರುವಾಗ ಎಲ್ಲ ಫ್ಯಾನು ದೀಪಗಳನ್ನೂ ಇನ್ವರ್ಟರ್ ಮೇಲೆ ಹಾಕಿ, ಕಾಲು ಗಂಟೆಯ ನಂತರ ಅಳತೆ ಮಾಡಬೇಕು. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನ ಕಡಿಮೆ ಶ್ರೇಣಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಯ ಮೇಲೂ ಮತ್ತೊಂದನ್ನು ಇನ್ವರ್ಟರ್‌ನ ಧನ ತುದಿಯ ಮೇಲೂ ಇಟ್ಟರೆ ಆ ಒಂದು ತಂತಿಯ ನಷ್ಟ ನೇರವಾಗಿ ಕಾಣುತ್ತದೆ. 25 ಚದರ ಮಿ.ಮೀ.ನ ಒಂದೂವರೆ ಮೀಟರ್ ತಂತಿಗೆ 75 ಆಂಪಿಯರ್‌ನಲ್ಲಿ ಸುಮಾರು 0.09 ವೋಲ್ಟ್ ಬರಬೇಕು. ದಾರಿಯಲ್ಲಿ ಫ್ಯೂಸ್ ಇದ್ದರೆ ಅದರ ಅಲ್ಪ ನಷ್ಟವೂ ಸೇರುತ್ತದೆ. 0.3 ಬಂದರೆ ತಂತಿ ಹೇಳಿದಷ್ಟು ದಪ್ಪವಿಲ್ಲ ಅಥವಾ ಬೆಸುಗೆ ಸರಿಯಿಲ್ಲ. ಯಾವುದೆಂದು ತಿಳಿಯಲು ಸೀಸದ ತುದಿಗೂ ಅದರ ಮೇಲೆ ಕುಳಿತ ಲಗ್‌ಗೂ ಕಡ್ಡಿಗಳನ್ನಿಟ್ಟು ನೋಡಬೇಕು. ಅಲ್ಲಿ 20 ಮಿಲಿವೋಲ್ಟ್‌ಗಿಂತ ಕಡಿಮೆಯಿದ್ದರೆ ಒಳ್ಳೆಯದು. 50 ದಾಟಿದರೆ ಬಿಚ್ಚಿ ಉಜ್ಜಿ ಮತ್ತೆ ಕಟ್ಟಬೇಕು.

ಸಮಾಂತರ ಜೋಡಣೆಯಲ್ಲಿ ಎರಡು ಬ್ಯಾಟರಿಗಳು ಸಮನಾಗಿ ದುಡಿಯುತ್ತಿವೆಯೇ ಎಂಬುದನ್ನು ದುಬಾರಿ ಕ್ಲಾಂಪ್ ಮೀಟರ್ ಇಲ್ಲದೆಯೂ ತಿಳಿಯಬಹುದು. ಮೂಲೆಯಿಂದ ಮೂಲೆಗೆ ಕಟ್ಟಿದಾಗ ಧನ ತುಂಡಿನಲ್ಲಿ ಎರಡನೆಯ ಬ್ಯಾಟರಿಯ ಪ್ರವಾಹವೂ ಋಣ ತುಂಡಿನಲ್ಲಿ ಮೊದಲನೆಯದರ ಪ್ರವಾಹವೂ ಹರಿಯುತ್ತದೆ. ತುಂಡುಗಳು ಒಂದೇ ಉದ್ದ, ಒಂದೇ ದಪ್ಪದವಾದ್ದರಿಂದ ಅವುಗಳ ಮೇಲಿನ ಮಿಲಿವೋಲ್ಟ್‌ಗಳನ್ನು ಹೋಲಿಸಿದರೆ ಸಾಕು. 25 ಚದರ ಮಿ.ಮೀ.ನ 40 ಸೆಂಟಿಮೀಟರ್ ತುಂಡಿಗೆ ಪ್ರತಿಯೊಂದರಲ್ಲೂ 12 ಮಿಲಿವೋಲ್ಟ್‌ನಷ್ಟು ಬರಬೇಕು. ಒಂದರಲ್ಲಿ 16, ಮತ್ತೊಂದರಲ್ಲಿ 8 ಬಂದರೆ ಕಡಿಮೆ ಬಂದ ತುಂಡಿಗೆ ಸೇರಿದ ಬ್ಯಾಟರಿ ಹಿಂದೆ ಬಿದ್ದಿದೆ. ಮೊದಲು ಅದರ ಬೆಸುಗೆಗಳನ್ನು ನೋಡಿ, ಅವು ಸರಿಯಿದ್ದರೆ ಬ್ಯಾಟರಿಯನ್ನು ಪರೀಕ್ಷಿಸಬೇಕು.

ಸರಣಿ ಜೋಡಣೆಯಲ್ಲಿ ಹೊರೆಯಿರುವಾಗ ಪ್ರತಿ ಬ್ಯಾಟರಿಯ ವೋಲ್ಟೇಜನ್ನು ಪ್ರತ್ಯೇಕವಾಗಿ ಅಳೆಯಬೇಕು. ಒಟ್ಟು 23.4 ಎಂಬ ಅಂಕಿಯ ಹಿಂದೆ 11.7 ಮತ್ತು 11.7 ಇರಬಹುದು, 12.2 ಮತ್ತು 11.2 ಕೂಡ ಇರಬಹುದು. ಚಾರ್ಜ್ ಮುಗಿದ ಮೇಲೆ ತಿಂಗಳಿಗೊಮ್ಮೆ ಹೈಡ್ರೋಮೀಟರ್‌ನಿಂದ ಎಲ್ಲ 12 ಕೋಶಗಳನ್ನೂ ನೋಡಿ ಬರೆದಿಟ್ಟುಕೊಳ್ಳುವುದು ಉತ್ತಮ. ಪೂರ್ತಿ ತುಂಬಿದ ಟ್ಯೂಬುಲರ್ ಬ್ಯಾಟರಿಯಲ್ಲಿ ಅದು ಸುಮಾರು 1.240ರಷ್ಟು ಇರುತ್ತದೆ, ನಿಖರವಾದ ಅಂಕಿಯನ್ನು ಬ್ಯಾಟರಿಯ ಪಟ್ಟಿಯಲ್ಲಿ ಕೊಟ್ಟಿರುತ್ತಾರೆ. ಬಟ್ಟಿ ಇಳಿಸಿದ ನೀರನ್ನು ಹಾಕಿದ ಕೂಡಲೇ ಅಳೆಯಬಾರದು. ನೀರು ಆಮ್ಲದೊಂದಿಗೆ ಬೆರೆಯಲು ಒಂದು ಪೂರ್ತಿ ಚಾರ್ಜ್ ಆದರೂ ಆಗಬೇಕು. ನೀರನ್ನು ಯಾವ ಬ್ಯಾಟರಿಗೆ ಎಷ್ಟು ಹಾಕಲಾಯಿತು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಒಂದೇ ಬ್ಯಾಟರಿ ಪ್ರತಿ ಬಾರಿ ಹೆಚ್ಚು ನೀರು ಕೇಳುತ್ತಿದ್ದರೆ, ಸಮಾಂತರದಲ್ಲಾದರೆ ತಂತಿಗಳು ಮೂಲೆಯಿಂದ ಮೂಲೆಗೆ ಇವೆಯೇ ಎಂದು ಮತ್ತೊಮ್ಮೆ ನೋಡಬೇಕು; ಸರಣಿಯಲ್ಲಾದರೆ ಜೊತೆಯ ಬ್ಯಾಟರಿಯ ಯಾವುದೋ ಒಂದು ಕೋಶ ಕೆಟ್ಟು ವೋಲ್ಟೇಜ್ ಕುಸಿದು, ಅದರ ಪಾಲಿನ ವೋಲ್ಟೇಜ್ ಈ ಬ್ಯಾಟರಿಯ ಮೇಲೆ ಬೀಳುತ್ತಿದೆಯೇ ಎಂದು ಹೈಡ್ರೋಮೀಟರ್ ಇಟ್ಟು ಕೋಶ ಕೋಶವಾಗಿ ಪರೀಕ್ಷಿಸಬೇಕು.